ಬಾಕಿಗೆ ಬಡ್ಡಿ ಕೇಳುವುದು ಹೇಗೆ, ಗಿರಾಕಿಯನ್ನು ಕಳೆದುಕೊಳ್ಳದೆ?

ನಿಮ್ಮ ಮನೆಯಲ್ಲಿ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯ ಬಿಲ್ ಬಿದ್ದಿದ್ದರೆ ತೆಗೆದು ನೋಡಿ. ತೀರಾ ಕೆಳಗೆ, ಸಣ್ಣಕ್ಷರದಲ್ಲಿ ಒಂದು ಸಾಲು ಇರುವ ಸಾಧ್ಯತೆ ಹೆಚ್ಚು: ಗಡುವು ಮೀರಿದ ಬಾಕಿಗೆ ವರ್ಷಕ್ಕೆ ಶೇ 24ರಂತೆ ಬಡ್ಡಿ ವಿಧಿಸಲಾಗುವುದು. ಪೀಣ್ಯದ ಮಷೀನ್ ಶಾಪ್‌ಗಳ ಬಿಲ್ಲಲ್ಲೂ ಇದೇ ಸಾಲು ಇರುತ್ತೆ. ಆದರೆ ಈ ಬಡ್ಡಿಯನ್ನು ನಿಜವಾಗಿ ಹಾಕಿದವರು ಎಷ್ಟು ಜನ ಅಂತ ಕೇಳಿದರೆ ಹೆಚ್ಚಿನವರು ನಕ್ಕುಬಿಡುತ್ತಾರೆ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೇ ಕೂತು ಉದ್ರಿ ಬರೆಯುವ ಅಂಗಡಿಯವರ ಹಾಗೆ, ಆ ಸಾಲು ಇರುವುದು ಇರಲಿ ಅಂತಷ್ಟೇ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ನನ್ನ ಬ್ಯಾಚಿನ ಕೆಲವರು ಸಾಫ್ಟ್‌ವೇರ್ ಕಡೆ ಹೋಗದೆ ಸಣ್ಣ ಕಾರ್ಖಾನೆ ಹಾಕಿದರು. ಅವರ ಜೊತೆ ಮಾತಿಗೆ ಕೂತರೆ ಆರ್ಡರ್ ಇಲ್ಲ ಅನ್ನುವ ದೂರಿಗಿಂತ, ಆರ್ಡರ್ ಮುಗಿಸಿದ್ದೀವಿ ದುಡ್ಡು ಬಂದಿಲ್ಲ ಅನ್ನುವ ದೂರೇ ಹೆಚ್ಚು. ಬಡ್ಡಿ ಯಾಕೆ ಕೇಳಲ್ಲ ಅಂದರೆ ಉತ್ತರ ಒಂದೇ: "ಕೇಳಿದ್ರೆ ಮುಂದಿನ ಆರ್ಡರ್ ಪಕ್ಕದವನಿಗೆ ಹೋಗುತ್ತೆ." ಈ ಭಯ ಸುಳ್ಳಲ್ಲ. ಆದರೆ ಬಡ್ಡಿ ಕೇಳಿದ್ದಕ್ಕೆ ಗಿರಾಕಿ ಹೋದರಾ, ಕೇಳಿದ ರೀತಿಗೆ ಹೋದರಾ ಎನ್ನುವುದು ಬೇರೆ ಪ್ರಶ್ನೆ. ಈ ಬರಹ ಆ ಎರಡನೆಯದರ ಬಗ್ಗೆ.

ಮೊದಲು, ದುಡ್ಡು ಯಾಕೆ ತಡ ಆಗುತ್ತೆ

ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೂತವರ ಕಣ್ಣಿಂದ ನೋಡಿ. ಈ ವಾರ ಕೈಯಲ್ಲಿರುವ ದುಡ್ಡು ಎಲ್ಲರಿಗೂ ಸಾಲುವುದಿಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ದಿನದಿನವೂ ಬಡ್ಡಿ ಬೀಳುತ್ತೆ. ಜಿಎಸ್‌ಟಿ ತಡವಾದರೆ ಬಡ್ಡಿ, ಪಿಎಫ್ ತಡವಾದರೆ ದಂಡ. ಸಣ್ಣ ಸರಬರಾಜುದಾರನ ಬಿಲ್ ತಡವಾದರೆ? ಒಂದು ಫೋನ್ ಬರುತ್ತೆ, ಅಷ್ಟೆ. ಆ ಕುರ್ಚಿಯಲ್ಲಿ ನೀವಿದ್ದರೂ ನಾನಿದ್ದರೂ ಕೊನೆಗೆ ಇಡುವುದು ಅವನ ಬಿಲ್ಲನ್ನೇ. ಅದರಲ್ಲಿ ದುರುದ್ದೇಶ ಇರಬೇಕೆಂದೇನಿಲ್ಲ. ಪೇಟೆಯಲ್ಲಿ ಸಿಗುವ ಅತಿ ಅಗ್ಗದ ಸಾಲ ಅವನದು, ಶೇ 0.

ಎಲ್ಲ ತಡವೂ ಈ ಬಗೆಯದಲ್ಲ, ಹಾಗಾಗಿ ಬಡ್ಡಿಯ ಮಾತೆತ್ತುವ ಮುಂಚೆ ಇದು ಯಾವ ಜಾತಿಯ ತಡ ಅಂತ ತಿಳಿಯಬೇಕು. ಎಷ್ಟೋ ಸಲ ಬಿಲ್ ಕಾಗದದಲ್ಲೇ ಸಿಕ್ಕಿಕೊಂಡಿರುತ್ತೆ. ಪರ್ಚೇಸ್ ಆರ್ಡರ್ ನಂಬರ್ ಬಿಲ್ಲಲ್ಲಿ ಇರುವುದಿಲ್ಲ, ಸ್ಟೋರ್ಸ್‌ನವರು ಸರಕು ಬಂದ ರಸೀದಿ ಮಾಡಿರುವುದಿಲ್ಲ, ನಾವು ಜಿಎಸ್‌ಟಿ ರಿಟರ್ನ್‌ನಲ್ಲಿ ಆ ಬಿಲ್ ಹಾಕದೆ ಅವರ ಕಡೆ ಕಾಣಿಸುತ್ತಿರುವುದಿಲ್ಲ. ಇಂಥ ಕಡೆ ಬಡ್ಡಿ ಹಾಕಿದರೆ ನಮ್ಮ ಮರ್ಯಾದೆಯೇ ಹೋಗುತ್ತೆ. ಇನ್ನು ಕೆಲವೊಮ್ಮೆ ಗಿರಾಕಿಗೇ ಮೇಲಿನಿಂದ ಹಣ ಬಂದಿರುವುದಿಲ್ಲ, ನಿಜಕ್ಕೂ ಕಷ್ಟದಲ್ಲಿರುತ್ತಾರೆ. ಅಲ್ಲಿ ಕಂತು ಮಾಡಿಕೊಡುವುದು ದಾರಿ. ಬಡ್ಡಿ ಕೆಲಸ ಮಾಡುವುದು ಮೂರನೆಯ ಕಡೆ: ದುಡ್ಡಿದೆ, ಕಾಗದ ಸರಿ ಇದೆ, ಕೊಡುವ ಅಭ್ಯಾಸ ಇಲ್ಲ. ಇದನ್ನು ಕಂಡುಹಿಡಿಯುವುದಕ್ಕೆ ಗಡುವಿನ ಮಾರನೇ ದಿನವೇ ಒಂದು ಫೋನ್ ಸಾಕು. "ದುಡ್ಡು ಯಾವಾಗ ಸಾರ್" ಅಂತಲ್ಲ, "ನಮ್ಮ ಬಿಲ್ ಪಾಸ್ ಆಗಿದೆಯಾ, ಏನಾದ್ರೂ ಕಾಗದ ಬಾಕಿ ಇದೆಯಾ" ಅಂತ. "ಪಾಸ್ ಆಗಿದೆ, ಪೇಮೆಂಟ್ ಸೈಕಲ್‌ನಲ್ಲಿದೆ" ಅನ್ನುವ ಉತ್ತರ ಬಂದರೆ ನೀವು ಮೂರನೇ ಜಾತಿಯಲ್ಲಿದ್ದೀರಿ. ಆ ಉತ್ತರವನ್ನು ಒಂದು ಇಮೇಲಿನಲ್ಲಿ ಬರೆದು ಅವರಿಗೇ ಕಳಿಸಿಡಿ. ಮುಂದೆ "ಮಾಲಿನಲ್ಲಿ ದೋಷ ಇತ್ತು" ಅಂದರೆ ಅದು ಉತ್ತರ ಹೇಳುತ್ತೆ.

ಕಾನೂನು ಎಷ್ಟು ಕೊಡುತ್ತೆ

ಬಿಲ್ಲಿನ ಕೆಳಗಿನ ಶೇ 24ರ ಸಾಲು ನಾವೊಬ್ಬರೇ ಅಚ್ಚು ಹಾಕಿಸಿದ್ದು. ಗಿರಾಕಿ ಅದಕ್ಕೆ ಒಪ್ಪಿದ್ದಕ್ಕೆ ಬೇರೆ ದಾಖಲೆ ಇಲ್ಲದಿದ್ದರೆ ಕೋರ್ಟಿನಲ್ಲಿ ವಾದಕ್ಕೆ ಎಡೆ ಇದ್ದೇ ಇರುತ್ತೆ. ಅದಕ್ಕಿಂತ ಗಟ್ಟಿಯಾದದ್ದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006. ಅದರ 15ನೇ ಸೆಕ್ಷನ್ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಕೊಂಡವರು, ಲಿಖಿತ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ದುಡ್ಡು ಕೊಡಬೇಕು, ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಪರ್ಚೇಸ್ ಆರ್ಡರಿನಲ್ಲಿ 90 ದಿನ ಅಂತ ಬರೆದು ಎರಡೂ ಕಡೆ ಸಹಿ ಹಾಕಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು 45.

ಎಣಿಕೆ ಶುರುವಾಗುವುದು ಬಿಲ್ ದಿನಾಂಕದಿಂದಲ್ಲ, ಸರಕನ್ನು ಒಪ್ಪಿಕೊಂಡ ದಿನದಿಂದ. ಮಾಲು ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಆಕ್ಷೇಪ ಎತ್ತಿದ್ದರೆ, ನೀವು ಅದನ್ನು ಸರಿಪಡಿಸಿಕೊಟ್ಟ ದಿನ. ಹಾಗಾಗಿ ಗೇಟಿನಲ್ಲಿ ಸೆಕ್ಯುರಿಟಿಯವರು ಡೆಲಿವರಿ ಚಲನ್ ಮೇಲೆ ಹೊಡೆಯುವ ಸೀಲು ಮತ್ತು ತಾರೀಕು ಈ ಇಡೀ ಹಕ್ಕಿನ ಬುಡ. ಆ ಚಲನ್ ಟೆಂಪೋ ಡ್ರೈವರ್ ಜೇಬಲ್ಲೇ ಕಳೆದುಹೋದರೆ ಉಳಿದದ್ದೆಲ್ಲ ಬರೀ ಮಾತು.

ಗಡುವು ಮೀರಿದರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಒಪ್ಪಂದದಲ್ಲಿ "ಸರಬರಾಜುದಾರ ಬಡ್ಡಿ ಕೇಳುವಂತಿಲ್ಲ" ಎಂಬ ಷರತ್ತು ಇದ್ದರೂ ಈ ಸೆಕ್ಷನ್ ಅದರ ಮೇಲೆ ನಿಲ್ಲುತ್ತೆ. ರಿಪೋ ರೇಟ್ ಸುದ್ದಿಯಲ್ಲಿ ಬರುತ್ತೆ, ಬ್ಯಾಂಕ್ ರೇಟ್ ಬರುವುದಿಲ್ಲ. ಆದರೆ ಎರಡನ್ನೂ ಒಂದೇ ದಿನ ಪ್ರಕಟಿಸುತ್ತಾರೆ, ಇತ್ತೀಚಿನ ವರ್ಷಗಳಲ್ಲಿ ಬ್ಯಾಂಕ್ ರೇಟ್ ರಿಪೋಗಿಂತ ಕಾಲು ಶೇಕಡಾ ಹೆಚ್ಚಿರುತ್ತೆ.

ಯಾರಿಗೆ ಇದು ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮಧ್ಯಮ ಉದ್ಯಮಗಳಿಗೆ ಇಲ್ಲ. ಕೊಂಡು ಮಾರುವ ವ್ಯಾಪಾರಿಗಳು 2021ರಿಂದ ಉದ್ಯಮ್ ನೋಂದಣಿ ಮಾಡಿಸಬಹುದಾದರೂ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ, ಈ ಬಡ್ಡಿಗೆ ಅಲ್ಲ. ನೋಂದಣಿ ಸರಬರಾಜಿಗೆ ಮುಂಚೆ ಆಗಿರಬೇಕಾ ಎನ್ನುವ ಬಗ್ಗೆ ಸುಪ್ರೀಂ ಕೋರ್ಟಿನಲ್ಲೇ ಎರಡು ದನಿ ಇದೆ: 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೌದು ಅಂತು, 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದ ಪೀಠ ಬೇರೆ ಅಭಿಪ್ರಾಯಕ್ಕೆ ಬಂದು ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿತು. ವ್ಯವಹಾರ ಮಾಡುವವರಿಗೆ ಈ ಜಗಳ ಬೇಡ. ಮೊದಲೇ ನೋಂದಣಿ ಮಾಡಿಸಿ, ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಹಾಕಿ. ಗಿರಾಕಿಗೆ ಅದು ಮೊದಲ ದಿನದಿಂದ ಕಾಣಬೇಕು, ಜಗಳದ ದಿನ ಅಲ್ಲ.

ಒಂದು ಬಿಲ್ಲಿನ ಕತೆ

ಪೀಣ್ಯ ಎರಡನೇ ಹಂತದಲ್ಲಿ ನನ್ನ ಸಹಪಾಠಿಯೊಬ್ಬನ ಟರ್ನಿಂಗ್ ಶಾಪ್ ಇದೆ, ಹನ್ನೊಂದು ಜನ ಕೆಲಸ ಮಾಡ್ತಾರೆ. ಪಂಪ್ ಜೋಡಿಸುವ ಒಂದು ಕಂಪನಿಗೆ ಒಂಬತ್ತು ವರ್ಷದಿಂದ ಶಾಫ್ಟ್ ಮಾಡಿಕೊಡುತ್ತಾನೆ. ಅವನ ಕೆಲಸದಲ್ಲಿ ಹತ್ತಿರ ಹತ್ತಿರ ಅರ್ಧ ಅವರದೇ. ಅಂದರೆ ಕಳೆದುಕೊಂಡರೆ ಶಾಪ್ ಮುಚ್ಚಬೇಕಾದ ಗಿರಾಕಿ. ಇಬ್ಬರ ಹೆಸರೂ ಇಲ್ಲಿ ಬೇಡ, ಲೆಕ್ಕ ಮಾತ್ರ ನೋಡೋಣ.

2024ರ ಏಪ್ರಿಲ್ 10ರಂದು ನಾಲ್ಕು ಲಕ್ಷ ರೂಪಾಯಿಯ ಮಾಲು ಹೋಯ್ತು. ಶೇ 18 ಜಿಎಸ್‌ಟಿ ಸೇರಿ ಬಿಲ್ 4,72,000. ಚಲನ್ ಮೇಲೆ ಅದೇ ದಿನದ ಗೇಟ್ ಸೀಲ್, 15 ದಿನದಲ್ಲಿ ಯಾವ ಆಕ್ಷೇಪವೂ ಇಲ್ಲ. ಕಾನೂನಿನ 45 ದಿನ ಮೇ 25ಕ್ಕೆ ಮುಗೀತು. ಪರ್ಚೇಸ್ ಆರ್ಡರಿನಲ್ಲಿ ಬರೆದಿದ್ದ 90 ದಿನ ಜುಲೈ 9ಕ್ಕೆ ಮುಗೀತು. ದುಡ್ಡು ಬಂದದ್ದು ಸೆಪ್ಟೆಂಬರ್ 25ಕ್ಕೆ. ಆ ವರ್ಷವಿಡೀ ಬ್ಯಾಂಕ್ ರೇಟ್ ಶೇ 6.75, ಅದರ ಮೂರು ಪಟ್ಟು ಶೇ 20.25. ಸರಿಯಾಗಿ ನಾಲ್ಕು ತಿಂಗಳ ಬಡ್ಡಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಹೀಗೆ ತೆಗೆಯಬಹುದು:

```
=472000*((1+0.2025/12)^4-1)
```

ಉತ್ತರ 32,676 ರೂಪಾಯಿ. ಮೊದಲ ತಿಂಗಳು 7,965, ಆಮೇಲೆ ಪ್ರತಿ ತಿಂಗಳೂ ಚೂರು ಚೂರು ಹೆಚ್ಚು.

ಈ ಸಂಖ್ಯೆಯ ಪಕ್ಕ ಇನ್ನೆರಡು ಸಂಖ್ಯೆ ಇಡಬೇಕು. ಆ ಬಿಲ್ಲಿನಲ್ಲಿ ಅವನ ಲಾಭ ಶೇ 8, ಅಂದರೆ 32,000. ಬ್ಯಾಂಕಿನ ಕ್ಯಾಶ್ ಕ್ರೆಡಿಟ್‌ಗೆ ಅವನು ಕೊಡುವ ಬಡ್ಡಿ ಶೇ 11, ಈ ನಾಲ್ಕು ತಿಂಗಳಿಗೆ ಸುಮಾರು 17,300. ಗಿರಾಕಿ ತಡ ಮಾಡಿದ್ದರಿಂದ ಅವನ ಲಾಭದ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೆ ಹೋಯ್ತು. ಇದರ ಮೇಲೆ, ಆ ಬಿಲ್ಲಿನ ಜಿಎಸ್‌ಟಿಯನ್ನು, ತನ್ನ ಇನ್‌ಪುಟ್ ಕ್ರೆಡಿಟ್ ಕಳೆದು ಉಳಿದದ್ದನ್ನು, ಅವನು ಮೇ 20ರೊಳಗೇ ಸರ್ಕಾರಕ್ಕೆ ಕಟ್ಟಿಯಾಗಿತ್ತು. ಇನ್ನೂ ಬಾರದ ದುಡ್ಡಿಗೆ ತೆರಿಗೆ.

ಈ ಮೂರು ಸಂಖ್ಯೆ ಗೊತ್ತಿದ್ದರೆ ಮಾತುಕತೆಗೆ ಒಂದು ಆಕಾರ ಬರುತ್ತೆ. 32,676 ಕಾನೂನಿನ ಹಕ್ಕು, 17,300 ನಿಜವಾದ ನಷ್ಟ. ನಷ್ಟಕ್ಕಿಂತ ಕೆಳಗೆ ಇಳಿಯಬಾರದು, ಹಕ್ಕಿನ ತುದಿಯಲ್ಲೇ ನಿಲ್ಲಬೇಕಿಲ್ಲ. ನಡುವಿನ ಹದಿನೈದು ಸಾವಿರ ಇದೆಯಲ್ಲ, ಸಂಬಂಧ ಉಳಿಸಿಕೊಳ್ಳಲು ನಿಮ್ಮ ಕೈಯಲ್ಲಿರುವ ಬಂಡವಾಳ ಅದು. ಆದರೆ ಬಿಟ್ಟುಕೊಡುವುದಕ್ಕೂ ಮೊದಲು ಅದು ಗಿರಾಕಿಗೆ ಕಾಣಬೇಕು. ಕಾಣದ ಉಪಕಾರಕ್ಕೆ ಯಾರೂ ಧನ್ಯವಾದ ಹೇಳುವುದಿಲ್ಲ.

ಕೇಳಬೇಡಿ, ತೋರಿಸಿ

ಸಾಮಾನ್ಯವಾಗಿ ಏನಾಗುತ್ತೆ ಅಂದರೆ, ಸರಬರಾಜುದಾರ ಎರಡು ವರ್ಷ ಸುಮ್ಮನಿರುತ್ತಾನೆ. ಒಂದು ದಿನ ತಲೆ ಕೆಟ್ಟು, ಹಳೆಯದೆಲ್ಲ ಕೂಡಿ ಮೂರು ಲಕ್ಷ ಬಡ್ಡಿ ಕೊಡಿ ಅಂತ ಲಾಯರ್ ನೋಟಿಸ್ ಕಳಿಸುತ್ತಾನೆ. ಕಾನೂನು ಪ್ರಕಾರ ಅವನದು ಸರಿ. ಆದರೆ ಆ ಕಡೆಯವರಿಗೆ ಅದು ದ್ರೋಹದ ಹಾಗೆ ಕಾಣುತ್ತೆ. ಇಷ್ಟು ದಿನ ನಗುನಗುತ್ತಾ ಟೀ ಕುಡಿದವನು ಒಳಗೊಳಗೇ ಲೆಕ್ಕ ಇಡ್ತಿದ್ದನಾ ಅಂತ. ಸಂಬಂಧ ಮುರಿಯುವುದು ಈ ಅಚ್ಚರಿಯಿಂದ, ಶೇಕಡಾವಾರಿನಿಂದಲ್ಲ.

ನನ್ನ ಗೆಳೆಯ ಮಾಡಿದ್ದು ಬೇರೆ. ಜೂನ್ 26ಕ್ಕೆ, ಒಂದು ತಿಂಗಳು ತುಂಬಿದ ದಿನ, ಒಂದು ಪುಟದ ಬಡ್ಡಿ ಪಟ್ಟಿ ಕಳಿಸಿದ. ಬಿಲ್ ನಂಬರ್, ಮಾಲು ತಲುಪಿದ ದಿನ, ಗಡುವು, ಎಷ್ಟು ದಿನ ತಡ, ಇಲ್ಲಿಯವರೆಗಿನ ಬಡ್ಡಿ 7,965. ಕೆಳಗೆ ಎರಡೇ ವಾಕ್ಯ: "ಇದು ನಿಮ್ಮ ಮಾಹಿತಿಗಾಗಿ. ಅಸಲು ಬಂದ ನಂತರ ಬಡ್ಡಿಯ ಬಗ್ಗೆ ಕೂತು ಮಾತಾಡೋಣ, ಅಲ್ಲಿಯವರೆಗೆ ನಮ್ಮ ಹಕ್ಕು ಕಾದಿರಿಸಿದ್ದೇವೆ." ಕಳಿಸಿದ್ದು ಅಕೌಂಟ್ಸ್‌ಗೆ. ಒಂಬತ್ತು ವರ್ಷದಿಂದ ಕೆಲಸ ಕೊಡುತ್ತಿರುವ ಪರ್ಚೇಸ್ ಮ್ಯಾನೇಜರ್‌ಗೆ ಮೊದಲೇ ಫೋನ್ ಮಾಡಿ, ಹೀಗೊಂದು ಕಾಗದ ನಿಮ್ಮ ಅಕೌಂಟ್ಸ್‌ಗೆ ಬರ್ತಿದೆ ಸಾರ್ ಅಂತ ಹೇಳಿದ್ದ. ಆರ್ಡರ್ ಕೊಡುವವರು ಮತ್ತು ದುಡ್ಡು ಕೊಡುವವರು ಬೇರೆ ಬೇರೆ ಮನುಷ್ಯರು. ಮೊದಲನೆಯವರಿಗೆ ಮುಜುಗರ ಆಗದ ಹಾಗೆ ಎರಡನೆಯವರಿಗೆ ಬರೆಯಬೇಕು.

ಆದರೂ ಅವರಿಂದ ಫೋನ್ ಬಂತು. "ಏನ್ ಸಾರ್, ಇಷ್ಟು ವರ್ಷದ ಮೇಲೆ ನಮಗೇ ಬಡ್ಡಿ ಹಾಕ್ತೀರಾ?"

"ನಾನು ಹಾಕಿಲ್ಲ ಸಾರ್. ನಿಮ್ಮ ಬಿಲ್ ಮೇಲೆ ಬ್ಯಾಂಕಿನವರು ನನಗೆ ಹಾಕ್ತಿದ್ದಾರೆ. ಅದು ನಿಮಗೂ ಗೊತ್ತಿರಲಿ ಅಂತ ಕಳಿಸಿದೆ."

ಈ ಪಟ್ಟಿಯ ಬಗ್ಗೆ ಎರಡು ಸೂಕ್ಷ್ಮ ಇವೆ, ಎರಡರಲ್ಲೂ ಜನ ಎಡವುತ್ತಾರೆ. ಒಂದು, ಬಡ್ಡಿಯನ್ನು ಮುಖ್ಯ ಖಾತೆಯ ಲೆಡ್ಜರಿಗೆ ಸೇರಿಸಬಾರದು. ಸೇರಿಸಿದರೆ ನಿಮ್ಮ ಲೆಡ್ಜರಿನ ಬಾಕಿಗೂ ಅವರ ಲೆಡ್ಜರಿನ ಬಾಕಿಗೂ ತಾಳೆಯಾಗುವುದಿಲ್ಲ. ತಾಳೆಯಾಗುವ ತನಕ ಪೇಮೆಂಟ್ ನಿಲ್ಲಿಸಿ ಅನ್ನುವುದು ಅಕೌಂಟ್ಸ್‌ನವರಿಗೆ ಸಿಗುವ ಅತಿ ಸುಲಭದ ನೆಪ. ಎಂಟು ಸಾವಿರದ ಬಡ್ಡಿಗೆ ನಾಲ್ಕು ಮುಕ್ಕಾಲು ಲಕ್ಷದ ಅಸಲು ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ ಬಡ್ಡಿಗೆ ಬೇರೆಯದೇ ಪಟ್ಟಿ.

ಎರಡು, ಮಾರ್ಚ್ 31ಕ್ಕೆ ಬರುವ ಬಾಕಿ ದೃಢೀಕರಣ ಪತ್ರ. "ನಿಮಗೆ ನಾವು ಕೊಡಬೇಕಾದ್ದು ಇಷ್ಟು, ಸರಿಯಿದ್ದರೆ ಸಹಿ ಹಾಕಿ" ಎನ್ನುವ ಕಾಗದ. ಬಾಕಿ ವಸೂಲಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಆ ಅವಧಿಯೊಳಗೆ ಅವರು ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಅವಧಿ ಹೊಸದಾಗಿ ಎಣಿಕೆಯಾಗುತ್ತೆ, ಆದ್ದರಿಂದ ಈ ಪತ್ರ ನಮಗೂ ಬೇಕಾದದ್ದೇ. ಆದರೆ ಬಡ್ಡಿಯ ಸುದ್ದಿಯೇ ಇಲ್ಲದ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದರೆ, ನಾಳೆ ಅವರು ಅದನ್ನೇ ತೋರಿಸಿ "ಬಡ್ಡಿ ಇಲ್ಲ ಅಂತ ನೀವೇ ಒಪ್ಪಿದ್ದೀರಲ್ಲ" ಅನ್ನುತ್ತಾರೆ. "ಬಡ್ಡಿ ಹೊರತುಪಡಿಸಿ" ಎಂಬ ಎರಡು ಪದವನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿ. "ಪೂರ್ಣ ಮತ್ತು ಅಂತಿಮ" ಎಂದಿರುವ ರಸೀದಿಗೂ ಇದೇ ಎಚ್ಚರ.

ಬಿಡುವುದಾದರೆ ಹೇಗೆ ಬಿಡಬೇಕು

ಜುಲೈ 9 ದಾಟಿದ ಮೇಲೆ ಮಾತಿನ ಧಾಟಿ ಬದಲಾಯ್ತು. ಅಲ್ಲಿಯವರೆಗೆ ಅವರು "ಆರ್ಡರಿನಲ್ಲಿ 90 ದಿನ ಇದೆ" ಅನ್ನಬಹುದಿತ್ತು. ಈಗ ಅವರದೇ ಮಾತು ಮುರಿದಿತ್ತು. ಸೆಪ್ಟೆಂಬರ್ ನಡುವೆ ಅವನು ಅವರ ಹಣಕಾಸು ಮುಖ್ಯಸ್ಥರನ್ನು ಭೇಟಿಯಾದ. ಕಾಯ್ದೆಯ ಪುಸ್ತಕ ತೆಗೆದುಕೊಂಡು ಹೋಗಲಿಲ್ಲ, ಮೂರು ಬಡ್ಡಿ ಪಟ್ಟಿ ತೆಗೆದುಕೊಂಡು ಹೋದ. ಜೊತೆಗೆ ಒಂದು ತಾರೀಕು: ಅಕ್ಟೋಬರ್ 7. ಬಿಲ್ ದಿನಾಂಕದಿಂದ 180 ದಿನದೊಳಗೆ ಸರಬರಾಜುದಾರನಿಗೆ ದುಡ್ಡು ಕೊಡದಿದ್ದರೆ, ಆ ಬಿಲ್ಲಿನ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟನ್ನು ಕೊಂಡವರು ಬಡ್ಡಿ ಸಮೇತ ವಾಪಸ್ ಮಾಡಬೇಕು. ಇಲ್ಲಿ 72,000. ಇದನ್ನು ಬೆದರಿಕೆಯಾಗಿ ಹೇಳಬಹುದು, "ಸಾರ್, ಏಳನೇ ತಾರೀಕು ದಾಟಿದ್ರೆ ನಿಮಗೆ ತೊಂದರೆ ಆಗುತ್ತೆ, ನೋಡ್ಕೊಳ್ಳಿ" ಅಂತ ಕಾಳಜಿಯಾಗಿಯೂ ಹೇಳಬಹುದು. ಸೆಪ್ಟೆಂಬರ್ 25ಕ್ಕೆ ಅಸಲು ಬಂತು.

ಆದಾಯ ತೆರಿಗೆಯಲ್ಲೂ ಇಂಥದೊಂದು ಹತ್ತಿ ಇದೆ. 2023ರ ಹಣಕಾಸು ಕಾಯ್ದೆ ತಂದ 43ಬಿ(ಎಚ್) ನಿಯಮದ ಪ್ರಕಾರ, ಗಡುವಿನೊಳಗೆ ಸಣ್ಣ ಉದ್ಯಮಕ್ಕೆ ಕೊಡದ ದುಡ್ಡನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಬಹುದು. ಕೇಳಲು ಚೂಪಾಗಿದೆ. ಆದರೆ ಮಾರ್ಚ್ 31ಕ್ಕೆ ಬಾಕಿ ಉಳಿದ ಬಿಲ್ಲಿಗಷ್ಟೇ ಅದರ ಬಿಸಿ ತಟ್ಟುತ್ತೆ. ಏಪ್ರಿಲಿನಲ್ಲಿ ಕೊಟ್ಟ ಮಾಲಿಗೆ ಸೆಪ್ಟೆಂಬರಿನಲ್ಲಿ ದುಡ್ಡು ಕೊಟ್ಟರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲದೆ ಈ ನಿಯಮ ಬಂದಾಗ, ನೋಂದಣಿ ಇಲ್ಲದವರಿಂದಲೇ ಕೊಳ್ಳೋಣ ಅಂತ ಕೆಲವು ಖರೀದಿದಾರರು ಯೋಚಿಸಲು ಶುರುಮಾಡಿದ್ದೂ ಉಂಟು. ಸರ್ಕಾರ ಕೊಟ್ಟ ರಕ್ಷಣೆಯೇ ಹೊರೆಯಾಗುವುದು ಹೀಗೆ.

ಬಡ್ಡಿಯ ಮಾತಿಗೆ ಬಂದಾಗ ಕಂಪನಿಯವರು ಒಂದು ಜಾಣ ದಾರಿ ತೋರಿಸಿದರು. ಬಡ್ಡಿ ಅಂತ ಕೊಟ್ಟರೆ ಮೇಲಿನವರಿಗೆ ಉತ್ತರ ಹೇಳಬೇಕು, ಆಡಿಟ್‌ನಲ್ಲಿ ಕಾಣುತ್ತೆ. ಬದಲಿಗೆ ಮುಂದಿನ ಆರ್ಡರಿನಲ್ಲಿ ಶಾಫ್ಟಿನ ದರ ಸ್ವಲ್ಪ ಏರಿಸಿಕೊಳ್ಳಿ ಅಂದರು. ಹೆಚ್ಚಿನವರು ಇದಕ್ಕೆ ಒಪ್ಪಿಬಿಡುತ್ತಾರೆ, ನನ್ನ ಪ್ರಕಾರ ಅದು ತಪ್ಪು. ದರದೊಳಗೆ ಬಚ್ಚಿಟ್ಟ ಬಡ್ಡಿಯನ್ನು ಸಮಯಕ್ಕೆ ಕೊಟ್ಟರೂ ಕೊಡಬೇಕು, ತಡ ಮಾಡಿದರೂ ಅಷ್ಟೇ ಕೊಡಬೇಕು. ಹಾಗಾದರೆ ಬೇಗ ಕೊಡಲು ಕಾರಣವೇನು? ಮುಂದಿನ ವರ್ಷ ದರದ ಚೌಕಾಸಿಯಲ್ಲಿ ಹೊಸಬರು ಬಂದು "ನಿಮ್ದು ದುಬಾರಿ" ಅಂತ ಅದನ್ನೇ ಕತ್ತರಿಸುತ್ತಾರೆ. ಅಷ್ಟು ಹೊತ್ತಿಗೆ ಯಾಕೆ ಏರಿಸಿದ್ದು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಅವನು ಮುಂದಿಟ್ಟದ್ದು ಇಷ್ಟು. ಕಾನೂನಿನ ಲೆಕ್ಕ 32,676, ಅದನ್ನು ಇಬ್ಬರೂ ಕಾಗದದ ಮೇಲೆ ಒಪ್ಪೋಣ. ಈಗ ತಿಂಗಳಿಗೆ ಶೇ 1ರಂತೆ ಸರಳಬಡ್ಡಿ 18,880 ಕೊಡಿ. ಉಳಿದ 13,796 ತಡೆಹಿಡಿದಿರುತ್ತೆ. ಮುಂದಿನ ಮೂರು ಬಿಲ್ 45 ದಿನದೊಳಗೆ ಬಂದರೆ ಪೂರ್ತಿ ಮನ್ನಾ, ಬಾರದಿದ್ದರೆ ಕೇಳುವ ಹಕ್ಕು ನನ್ನದು. ಹೊಸ ಆರ್ಡರಿನಲ್ಲಿ 90ರ ಬದಲು 45 ದಿನ, ತಡವಾದರೆ ಮೊದಲು ತಿಂಗಳಿಗೆ ಶೇ 1, ತೊಂಬತ್ತು ದಿನ ದಾಟಿದರೆ ಕಾಯ್ದೆಯ ದರ. ಕಾಯ್ದೆಗಿಂತ ಕಡಿಮೆ ತೆಗೆದುಕೊಳ್ಳುವುದು ಅವನ ಇಷ್ಟ, ಅದನ್ನು ಯಾರೂ ತಡೆಯುವುದಿಲ್ಲ. ಕೈಯೆತ್ತಿ ಮನ್ನಾ ಮಾಡಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಷರತ್ತಿನ ಮೇಲೆ ಬಿಟ್ಟದ್ದರಿಂದ ಆ ಹದಿಮೂರು ಸಾವಿರ ಮುಂದಿನ ಮೂರು ಬಿಲ್ಲಿಗೂ ಕೆಲಸ ಮಾಡ್ತಾ ಇರುತ್ತೆ.

ಒಂದು ತೆರಿಗೆಯ ಗಂಟು ಉಳಿಯಿತು. ತಡಪಾವತಿಗೆ ಪಡೆದ ಬಡ್ಡಿಯೂ ಸರಕಿನ ಬೆಲೆಯ ಭಾಗವೇ ಅನ್ನುತ್ತೆ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್. ಸರಕಿಗೆ ಎಷ್ಟು ದರವೋ ಬಡ್ಡಿಗೂ ಅಷ್ಟೇ, ಇಲ್ಲಿ ಶೇ 18. ತೆರಿಗೆ ಕಟ್ಟುವ ಹೊಣೆ ಬರುವುದು ಬಡ್ಡಿ ಕೈಗೆ ಬಂದಾಗ. ಹಾಗಾಗಿ ಬಡ್ಡಿ ಪಟ್ಟಿಯನ್ನು ತಿಂಗಳು ತಿಂಗಳು ಕಳಿಸಿದರೂ ಡೆಬಿಟ್ ನೋಟನ್ನು ಮೊತ್ತ ಒಪ್ಪಿದ ಮೇಲೆ ಮಾಡುವುದು ವಾಸಿ. 18,880ರ ಮೇಲೆ ಜಿಎಸ್‌ಟಿ ಬೇರೆ ಅಂತ ಮೊದಲೇ ಹೇಳದೆ ಬರೀ 18,880 ತೆಗೆದುಕೊಂಡರೆ, ತೆರಿಗೆ ಅದರೊಳಗೇ ಇದೆ ಅಂತಾಗಿ ಅವನಿಗೆ ಉಳಿಯುವುದು 16,000 ಮಾತ್ರ. ಅದು ಬ್ಯಾಂಕಿಗೆ ಕಟ್ಟಿದ್ದಕ್ಕಿಂತ ಕಮ್ಮಿ. ತೆರಿಗೆ ಬೇರೆಯಾಗಿ 3,398 ಹಾಕಿದರೆ ಕಂಪನಿಗೆ ಅದು ಕ್ರೆಡಿಟ್ ಆಗಿ ವಾಪಸ್ ಸಿಗುತ್ತೆ, ಅವರಿಗೆ ನಷ್ಟ ಇಲ್ಲ.

ಕೊನೆಯ ಬಾಗಿಲು

ಮಾತಿಗೆ ಬಗ್ಗದವರಿಗೆ 18ನೇ ಸೆಕ್ಷನ್ ಇದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಅದು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತೆ. ಮೊದಲು ರಾಜಿ, ಆಗದಿದ್ದರೆ ಮಧ್ಯಸ್ಥಿಕೆ. ತೀರ್ಪು ಬಂದ ಮೇಲೆ ಅದನ್ನು ಪ್ರಶ್ನಿಸಲು ಕೊಂಡವರು ಶೇ 75 ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಅಸ್ತ್ರ ಗಟ್ಟಿಯಾಗೇ ಇದೆ. ಆದರೆ ಅರ್ಜಿ ಹಾಕಿದ ದಿನವೇ ಆ ಗಿರಾಕಿ ಬಹುತೇಕ ಹೋದ ಹಾಗೆ ಅಂತ ತಿಳಿದೇ ಹಾಕಬೇಕು. 90 ದಿನದಲ್ಲಿ ಮುಗಿಸಬೇಕೆಂಬ ಕಾಯ್ದೆಯ ಮಾತನ್ನು ನಂಬಿ ಸಂಬಳದ ಲೆಕ್ಕ ಹಾಕುವಂತಿಲ್ಲ.

ನನಗೆ ಈ ಕಾಯ್ದೆಯ ಮೇಲಿರುವ ತಕರಾರು ಇದೇ. ಬಡ್ಡಿ ತಾನಾಗೇ ಹುಟ್ಟುತ್ತೆ ಅಂತ ಬರೆದವರು, ಅದನ್ನು ಕೇಳುವ ಕೆಲಸವನ್ನು ಮಾತ್ರ ಹನ್ನೊಂದು ಜನರ ಶಾಪಿನ ಯಜಮಾನನಿಗೆ ಬಿಟ್ಟರು. ದೊಡ್ಡ ಕಂಪನಿಗಳು ಸಣ್ಣವರಿಗೆ ಎಷ್ಟು ಬಾಕಿ, ಎಷ್ಟು ಬಡ್ಡಿ ಎನ್ನುವುದನ್ನು ತಮ್ಮ ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕೆಂದು 22ನೇ ಸೆಕ್ಷನ್ ಹೇಳುತ್ತೆ. ಅಂದರೆ ಮಾಹಿತಿ ಅವರ ಹತ್ತಿರವೇ ಇದೆ. ಅದನ್ನು ನೋಡಿ ಬಡ್ಡಿಯನ್ನು ತಾನಾಗೇ ಕೊಡಿಸುವ ಏರ್ಪಾಡು ಕಾಯ್ದೆಯಲ್ಲಿಲ್ಲ. ಕೊಳ್ಳುವವರಲ್ಲಿ ಸರ್ಕಾರಿ ಸಂಸ್ಥೆಗಳೂ ಇವೆ ಅನ್ನುವುದನ್ನು ಮರೆಯಬೇಡಿ.

ಪೀಣ್ಯದ ಆ ಖಾತೆಯಲ್ಲಿ ಅಕ್ಟೋಬರಿನಲ್ಲಿ 18,880 ಮತ್ತು ಅದರ ಜಿಎಸ್‌ಟಿ ಬಂತು. ಮುಂದಿನ ಮೂರು ಬಿಲ್ಲಿನಲ್ಲಿ ಎರಡು ಸಮಯಕ್ಕೆ ಸರಿಯಾಗಿ ಬಂದವು. ಮೂರನೆಯದು, 2,36,000ದ್ದು, ಆರು ದಿನ ತಡವಾಯ್ತು. ಷರತ್ತಿನ ಪ್ರಕಾರ 13,796 ಮತ್ತೆ ಕೇಳಬಹುದಿತ್ತು. ಅವನು ಕೇಳಲಿಲ್ಲ, ಮನ್ನಾ ಪತ್ರ ಕಳಿಸಿದ. ಜೊತೆಗೆ ಆರು ದಿನಕ್ಕೆ ಶೇ 1ರ ಲೆಕ್ಕದಲ್ಲಿ 472 ರೂಪಾಯಿಯ ಬಡ್ಡಿ ಪಟ್ಟಿಯನ್ನೂ ಕಳಿಸಿದ. ಈ ಸಲ ಪರ್ಚೇಸ್ ಮ್ಯಾನೇಜರಿಂದ ಫೋನ್ ಬರಲಿಲ್ಲ. ಮುಂದಿನ ಬಿಲ್ಲಿನ ಜೊತೆ, ಜಿಎಸ್‌ಟಿ ಸೇರಿ, 557 ರೂಪಾಯಿ ಖಾತೆಗೆ ಬಂದಿತ್ತು.